ಡಿಮ್ಯಾಂಡ್ ನೋಟಿಸಿನ ಮೊತ್ತವನ್ನು ಬಿಡಿಸಿ ಓದುವುದು: 25,750 ರೂಪಾಯಿಯ ಒಂದು ಲೆಕ್ಕ

ಆದಾಯ ತೆರಿಗೆ ರಿಟರ್ನುಗಳನ್ನು ಪರಿಶೀಲಿಸುವ ಕೇಂದ್ರವಾದ ಬೆಂಗಳೂರಿನ ಸಿಪಿಸಿಯಿಂದ ಇಮೇಲ್ ಬಂತೆಂದರೆ ನಮ್ಮಲ್ಲಿ ಹೆಚ್ಚಿನವರು ಕೊನೆಯ ಸಾಲಿನ ಮೊತ್ತವೊಂದನ್ನು ನೋಡಿ, ಅದನ್ನು ಹಾಗೆಯೇ ಆಡಿಟರಿಗೆ ವಾಟ್ಸಾಪ್ ಮಾಡುತ್ತಾರೆ. ನೋಟಿಸು ಇಂಗ್ಲಿಷಿನಲ್ಲಿ, ಕಾಸರಗೋಡಿನ ಆಡಿಟರ ಕಚೇರಿಯ ವಿವರಣೆ ಅರ್ಧ ಮಲಯಾಳದಲ್ಲಿ. ಕನ್ನಡ ಮಾಧ್ಯಮದಲ್ಲಿ ಲೆಕ್ಕ ಕಲಿತವರಿಗೆ ನಡುವಿನ ಸಾಲುಗಳು ಕತ್ತಲೆಯಾಗಿಯೇ ಉಳಿಯುತ್ತವೆ. ಆದರೆ ಆ ಸಾಲುಗಳಲ್ಲಿ ಇರುವುದು ಐದನೇ ತರಗತಿಯ ಸರಳ ಬಡ್ಡಿಯ ಲೆಕ್ಕವಷ್ಟೇ. ಯಾವ ಮೊತ್ತದ ಮೇಲೆ, ಎಷ್ಟು ತಿಂಗಳಿಗೆ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಇಲಾಖೆ ಎಲ್ಲಿ ನಿಮ್ಮಿಂದ ಬೇರೆಯಾಯಿತು ಎಂದು ನೀವೇ ಕಂಡುಹಿಡಿಯಬಹುದು.

ಇಲ್ಲಿ ಹೇಳುವುದು 1961ರ ಆದಾಯ ತೆರಿಗೆ ಕಾಯ್ದೆಯ 143(1)ನೇ ಸೆಕ್ಷನ್ನಿನ ಇಂಟಿಮೇಶನ್ ಬಗ್ಗೆ. ರಿಟರ್ನ್ ಹಾಕಿದ ಮೇಲೆ ಕಂಪ್ಯೂಟರ್ ಅದನ್ನು ಪರಿಶೀಲಿಸಿ ಕಳುಹಿಸುವ ಪತ್ರ ಇದು. ಅದರಲ್ಲಿ ಬಾಕಿ ತೋರಿಸಿದ್ದರೆ ಅದೇ 156ನೇ ಸೆಕ್ಷನ್ನಿನ ಡಿಮ್ಯಾಂಡ್ ನೋಟಿಸು ಎಂದು ಕಾನೂನು ಪರಿಗಣಿಸುತ್ತದೆ. ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಕೇಳುತ್ತದೆ. ಪ್ಯಾನ್ ಸಂಖ್ಯೆಯನ್ನು ಸಣ್ಣ ಅಕ್ಷರಗಳಲ್ಲಿ ಬರೆದು, ಅದಕ್ಕೆ ತಾಗಿಸಿ ಹುಟ್ಟಿದ ದಿನ, ತಿಂಗಳು, ವರ್ಷವನ್ನು ಎಂಟು ಅಂಕೆಗಳಲ್ಲಿ ಬರೆದರೆ ತೆರೆಯುತ್ತದೆ.

ಒಳಗೆ ಎರಡು ಕಾಲಂಗಳಿವೆ. ಎಡಗಡೆ ನೀವು ರಿಟರ್ನಿನಲ್ಲಿ ತೋರಿಸಿದ್ದು, ಬಲಗಡೆ ಇಲಾಖೆ ಲೆಕ್ಕ ಹಾಕಿದ್ದು. ಮೇಲಿನಿಂದ ಕೆಳಕ್ಕೆ ಓದುತ್ತಾ ಹೋಗಿ, ಎರಡೂ ಕಾಲಂ ಮೊದಲ ಸಲ ಬೇರೆಯಾಗುವ ಸಾಲಿಗೆ ಗುರುತು ಹಾಕಿ. ಆದಾಯ ಮತ್ತು ತೆರಿಗೆಯ ಸಾಲುಗಳು ಒಂದೇ ಇದ್ದು ಬಡ್ಡಿಯ ಸಾಲುಗಳು ಮಾತ್ರ ಬೇರೆಯಿದ್ದರೆ, ಕಾರಣ ಇರುವುದು ಸಾಮಾನ್ಯವಾಗಿ ಬಡ್ಡಿಯ ಸಾಲಿನಲ್ಲಲ್ಲ. ಇನ್ನೂ ಕೆಳಗೆ, ಟಿಡಿಎಸ್ ಅಥವಾ ಚಲನ್ನಿನ ಸಾಲಿನಲ್ಲಿ. ಬಡ್ಡಿ ಮೇಲೆ ಅಚ್ಚಾಗಿರುತ್ತದೆ, ಅದಕ್ಕೆ ಕಾರಣವಾದ ಕೊರತೆ ಕೆಳಗೆ ಅಚ್ಚಾಗಿರುತ್ತದೆ. ಗಲಿಬಿಲಿಯಾಗುವುದು ಇಲ್ಲಿಯೇ.

ಒಂದು ಲೆಕ್ಕವನ್ನು ಪೂರ್ತಿ ಬಿಡಿಸೋಣ. ಬದಿಯಡ್ಕದ ಒಬ್ಬರು ಎಂದಿಟ್ಟುಕೊಳ್ಳಿ, 60 ವರ್ಷ ತುಂಬಿಲ್ಲ. ಅಡಿಕೆ ವ್ಯಾಪಾರದಲ್ಲಿ ಕಮಿಷನ್ ಏಜೆಂಟ್, ಖರ್ಚು ಕಳೆದು ವರ್ಷಕ್ಕೆ 7,64,000 ರೂಪಾಯಿ ಆದಾಯ. ಜೊತೆಗೆ ಉಪ್ಪಳದಲ್ಲಿ ಒಂದು ಕಟ್ಟಡ, ಅದನ್ನು ಒಂದು ಕಂಪೆನಿಗೆ ತಿಂಗಳಿಗೆ 40,000ದಂತೆ ಬಾಡಿಗೆಗೆ ಕೊಟ್ಟಿದ್ದಾರೆ. ವರ್ಷದ ಬಾಡಿಗೆ 4,80,000. ಅದರಲ್ಲಿ ಶೇ. 30 ಕಳೆದು ತೆರಿಗೆಗೆ ಬರುವುದು 3,36,000. ಪಂಚಾಯತಿಗೆ ಕಟ್ಟಿದ ಕಟ್ಟಡ ತೆರಿಗೆಯನ್ನೂ ಕಳೆಯಬಹುದಿತ್ತು, ಲೆಕ್ಕ ಸುಲಭವಾಗಲೆಂದು ಇಲ್ಲಿ ಬಿಟ್ಟಿದ್ದೇವೆ. ಒಟ್ಟು ಆದಾಯ 11,00,000. ವರ್ಷ 2023-24, ಅಂದರೆ ಅಸೆಸ್‌ಮೆಂಟ್ ವರ್ಷ 2024-25, ಹೊಸ ತೆರಿಗೆ ಪದ್ಧತಿ.

ಆ ವರ್ಷದ ದರದಲ್ಲಿ 3 ಲಕ್ಷದವರೆಗೆ ತೆರಿಗೆ ಇಲ್ಲ. 3ರಿಂದ 6 ಲಕ್ಷದವರೆಗೆ ಶೇ. 5ರಂತೆ 15,000, 6ರಿಂದ 9 ಲಕ್ಷದವರೆಗೆ ಶೇ. 10ರಂತೆ 30,000, ಉಳಿದ 2 ಲಕ್ಷಕ್ಕೆ ಶೇ. 15ರಂತೆ 30,000. ಸೇರಿಸಿದರೆ 75,000, ಅದರ ಮೇಲೆ ಶೇ. 4 ಸೆಸ್ 3,000. ತೆರಿಗೆ 78,000 ರೂಪಾಯಿ. ಎರಡೂ ಕಾಲಂಗಳಲ್ಲಿ ಇದೇ ಅಂಕಿ ಇದೆ. (ಸ್ವಂತ ಅಡಿಕೆ ತೋಟದ ಆದಾಯವೂ ಇರುವವರಿಗೆ ಈ ಸಾಲಿನಲ್ಲೇ ವ್ಯತ್ಯಾಸ ಬರಬಹುದು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಾದರೂ, ಉಳಿದ ಆದಾಯಕ್ಕೆ ದರ ನಿಗದಿ ಮಾಡಲು ಅದನ್ನು ಸೇರಿಸಿ ನೋಡುತ್ತಾರೆ.)

ಬಾಡಿಗೆಯಲ್ಲಿ ಕಂಪೆನಿ ಶೇ. 10ರಂತೆ, ಮೂರು ತಿಂಗಳಿಗೆ 12,000ದಂತೆ, ವರ್ಷಕ್ಕೆ 48,000 ಟಿಡಿಎಸ್ ಹಿಡಿದಿದೆ. 78,000ದಲ್ಲಿ 48,000 ಹೋದರೆ ಉಳಿಯುವುದು 30,000. ಮುಂಗಡ ತೆರಿಗೆ ಏನೂ ಕಟ್ಟಿರಲಿಲ್ಲ. ರಿಟರ್ನಿಗೆ ಕೊನೆಯ ದಿನ 2024ರ ಜುಲೈ 31 ಆಗಿತ್ತು, ಇವರು ಹಾಕಿದ್ದು ಡಿಸೆಂಬರ್ 10ಕ್ಕೆ. ಅದೇ ದಿನ 30,000 ರೂಪಾಯಿ ಕಟ್ಟಿ ‘ತೆರಿಗೆ ಮುಗಿಯಿತು’ ಎಂದುಕೊಂಡರು. ಬಡ್ಡಿ ಮತ್ತು ಶುಲ್ಕವನ್ನು ರಿಟರ್ನಿನ ತಂತ್ರಾಂಶ ತಾನೇ ಲೆಕ್ಕ ಹಾಕಿ ತೋರಿಸುತ್ತದೆ, ಆದರೆ ಅದನ್ನು ಬಾಕಿ ಇಟ್ಟೂ ರಿಟರ್ನ್ ಸಲ್ಲಿಸಲು ಬಿಡುತ್ತದೆ. ಹಾಗಾಗಿ ಎಡ ಕಾಲಮ್ಮಿನ ಕೊನೆಯಲ್ಲೇ 10,720 ರೂಪಾಯಿ ಬಾಕಿ ಇತ್ತು, ಯಾರೂ ಗಮನಿಸಿರಲಿಲ್ಲ. 2025ರ ಮಾರ್ಚ್ 20ರ ಇಂಟಿಮೇಶನ್ನಿನ ಬಲ ಕಾಲಮ್ಮಿನಲ್ಲಿ ಅದು 25,750 ಆಗಿದೆ.

ಕಾರಣ ಟಿಡಿಎಸ್ ಸಾಲಿನಲ್ಲಿದೆ: ಎಡಗಡೆ 48,000, ಬಲಗಡೆ 36,000. ಕೊನೆಯ ತ್ರೈಮಾಸಿಕದ 12,000 ರೂಪಾಯಿ ಇವರ ಪ್ಯಾನಿಗೆ ಜಮೆಯಾಗಿಲ್ಲ. ಆದ್ದರಿಂದ ಇಲಾಖೆಯ ಕಣ್ಣಿನಲ್ಲಿ ಕೊರತೆ 30,000 ಅಲ್ಲ, 42,000. ಮುಂದಿನ ಎಲ್ಲ ಬಡ್ಡಿಯೂ ಹತ್ತಿ ಕುಳಿತಿರುವುದು ಈ 42,000ದ ಮೇಲೆ.

ಮೊದಲು ಸೆಕ್ಷನ್ 234ಎಫ್, ಏಕೆಂದರೆ ಇದರಲ್ಲಿ ಲೆಕ್ಕವೇ ಇಲ್ಲ. ತಡವಾಗಿ ರಿಟರ್ನ್ ಹಾಕಿದ್ದಕ್ಕೆ ಶುಲ್ಕ. ಆದಾಯ 5 ಲಕ್ಷ ಮೀರಿದ್ದರೆ 5,000, ಮೀರದಿದ್ದರೆ 1,000. ಇವರಿಗೆ 5,000. ಟಿಡಿಎಸ್ ಸರಿಹೋದರೂ ಇದು ಒಂದು ರೂಪಾಯಿಯೂ ಇಳಿಯುವುದಿಲ್ಲ. ಜನ ಇದನ್ನು ‘ಪೆನಾಲ್ಟಿ’ ಎನ್ನುತ್ತಾರೆ, ಆದರೆ ಕಾನೂನಿನಲ್ಲಿ ಇದು ಶುಲ್ಕ. ಕಂಪ್ಯೂಟರ್ ನೇರವಾಗಿ ಹಾಕುತ್ತದೆ, ವಿವರಣೆ ಕೇಳುವ ಕ್ರಮವಿಲ್ಲ.

234ಎ ಎಂದರೆ ರಿಟರ್ನ್ ತಡವಾದದ್ದಕ್ಕೆ ಬಡ್ಡಿ, ತಿಂಗಳಿಗೆ ಶೇ. 1. ಕೊನೆಯ ದಿನದ ಮರುದಿನದಿಂದ, ಅಂದರೆ ಆಗಸ್ಟ್ 1ರಿಂದ, ರಿಟರ್ನ್ ಹಾಕಿದ ದಿನದವರೆಗೆ. ತಿಂಗಳಿನಲ್ಲಿ ಒಂದು ದಿನ ತಗಲಿದರೂ ಇಡೀ ತಿಂಗಳು. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್, ಹೀಗೆ ಐದು ತಿಂಗಳು. ನವೆಂಬರ್ 30ಕ್ಕೆ ಹಾಕಿದ್ದರೆ ನಾಲ್ಕೇ ಆಗುತ್ತಿತ್ತು. 42,000ಕ್ಕೆ ಶೇ. 5ರಂತೆ 2,100.

234ಸಿ ಎಂದರೆ ಮುಂಗಡ ತೆರಿಗೆಯ ಕಂತುಗಳನ್ನು ತಪ್ಪಿಸಿದ್ದಕ್ಕೆ ಬಡ್ಡಿ. ಜೂನ್ 15ರೊಳಗೆ ಶೇ. 15, ಸೆಪ್ಟೆಂಬರ್ 15ರೊಳಗೆ ಒಟ್ಟು ಶೇ. 45, ಡಿಸೆಂಬರ್ 15ರೊಳಗೆ ಶೇ. 75, ಮಾರ್ಚ್ 15ರೊಳಗೆ ಪೂರ್ತಿ ಕಟ್ಟಿರಬೇಕು. ಮೊದಲ ಮೂರು ಕಂತಿನ ಕೊರತೆಗೆ ಮೂರು ಮೂರು ತಿಂಗಳ ಬಡ್ಡಿ, ಕೊನೆಯದಕ್ಕೆ ಒಂದು ತಿಂಗಳದ್ದು. 42,000ದ ಮೇಲೆ ಇದು 189, 567, 945 ಮತ್ತು 420, ಒಟ್ಟು 2,121.

ಈ ಸಾಲಿನಲ್ಲಿ ಒಂದು ಉಪಾಯ ಅಡಗಿದೆ. ಮುಂಗಡ ತೆರಿಗೆ ಒಂದು ಪೈಸೆಯೂ ಕಟ್ಟಿರದಿದ್ದರೆ 234ಸಿ ಬಡ್ಡಿ ಯಾವಾಗಲೂ ಕೊರತೆಯ ಶೇ. 5.05 ಆಗುತ್ತದೆ. ಆದ್ದರಿಂದ ನೋಟಿಸಿನಲ್ಲಿರುವ 234ಸಿ ಅಂಕಿಯನ್ನು 5.05ರಿಂದ ಭಾಗಿಸಿ 100ರಿಂದ ಗುಣಿಸಿದರೆ ಇಲಾಖೆ ಯಾವ ಮೊತ್ತವನ್ನು ಕೊರತೆ ಎಂದು ಹಿಡಿದಿದೆ ಎಂಬುದು ಹೊರಬೀಳುತ್ತದೆ. 2,121 ಕೊಡುವುದು 42,000. ನಿಮ್ಮ ಲೆಕ್ಕದಲ್ಲಿ ಅದು 30,000. ನಡುವಿನ 12,000 ಸರಿಯಾಗಿ ಒಂದು ತ್ರೈಮಾಸಿಕದ ಟಿಡಿಎಸ್. 234ಎ ಸಾಲಿನ 2,100ನ್ನು ಐದು ತಿಂಗಳ ಶೇ. 5ರಿಂದ ಹಿಂದಕ್ಕೆ ಬಿಡಿಸಿದರೂ ಅದೇ 42,000. ಎರಡು ದಾರಿಯಲ್ಲಿ ಒಂದೇ ಉತ್ತರ ಬಂದರೆ ತಪ್ಪು ಎಲ್ಲಿದೆ ಎನ್ನುವ ಬಗ್ಗೆ ಸಂಶಯ ಉಳಿಯುವುದಿಲ್ಲ. ಬಡ್ಡಿ ಹಾಕುವ ಮೊದಲು ಮೊತ್ತವನ್ನು ನೂರಕ್ಕೆ ಇಳಿಸುತ್ತಾರಾದ್ದರಿಂದ ಕೆಲವು ರೂಪಾಯಿ ಆಚೀಚೆ ಬರಬಹುದು, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಕಿರಾಣಿ, ಹಾರ್ಡ್‌ವೇರ್ ಅಂಗಡಿಯವರು 44ಎಡಿ ಅಡಿ ಅಂದಾಜು ಲಾಭ ತೋರಿಸಿದ್ದರೆ ಅವರಿಗೆ ನಾಲ್ಕು ಕಂತಿಲ್ಲ, ಮಾರ್ಚ್ 15ರ ಒಂದೇ ಕಂತು. ಅಂಥವರಿಗೆ ಶೇ. 5.05 ಬಂದಿದ್ದರೆ ಅದನ್ನೇ ಪ್ರಶ್ನಿಸಬೇಕು. ಕಮಿಷನ್ ಆದಾಯಕ್ಕೆ 44ಎಡಿ ಅನ್ವಯಿಸುವುದಿಲ್ಲವಾದ್ದರಿಂದ ನಮ್ಮ ಬದಿಯಡ್ಕದವರಿಗೆ ನಾಲ್ಕೂ ಕಂತು. 60 ತುಂಬಿದ, ವ್ಯಾಪಾರ ಅಥವಾ ವೃತ್ತಿಯ ಆದಾಯವಿಲ್ಲದ ಹಿರಿಯರಿಗೆ ಮುಂಗಡ ತೆರಿಗೆಯೇ ಇಲ್ಲ. ಪಿಂಚಣಿ ಮತ್ತು ಬ್ಯಾಂಕ್ ಬಡ್ಡಿ ಮಾತ್ರ ಇರುವ ನಿವೃತ್ತ ಮೇಷ್ಟ್ರ ನೋಟಿಸಿನಲ್ಲಿ 234ಬಿ, 234ಸಿ ಕಂಡರೆ ಹುಟ್ಟಿದ ದಿನಾಂಕವೋ ಆದಾಯದ ಶೀರ್ಷಿಕೆಯೋ ತಪ್ಪಾಗಿ ಹೋಗಿದೆಯೇ ನೋಡಿ.

ಇನ್ನು 234ಬಿ, ಎಲ್ಲರೂ ಎಡವುವ ಸಾಲು. ಟಿಡಿಎಸ್ ಕಳೆದ ಮೇಲೆ ಉಳಿಯುವ ತೆರಿಗೆ 10,000 ಅಥವಾ ಹೆಚ್ಚಿದ್ದು, ಅದರ ಶೇ. 90ರಷ್ಟನ್ನಾದರೂ ವರ್ಷ ಮುಗಿಯುವ ಮೊದಲು ಕಟ್ಟದಿದ್ದರೆ, ಏಪ್ರಿಲ್ 1ರಿಂದ ತಿಂಗಳಿಗೆ ಶೇ. 1 ಓಡತೊಡಗುತ್ತದೆ. ಓಟ ನಿಲ್ಲುವುದು ರಿಟರ್ನ್ ಹಾಕಿದ ದಿನವಲ್ಲ, ಇಂಟಿಮೇಶನ್ ತಯಾರಾದ ದಿನ. ನಡುವೆ ದುಡ್ಡು ಕಟ್ಟಿದ್ದರೆ ಅಲ್ಲಿಂದ ಮುಂದೆ ಉಳಿದ ಕೊರತೆಯ ಮೇಲೆ ಮಾತ್ರ.

ಡಿಸೆಂಬರ್ 10ಕ್ಕೆ 30,000 ಕಟ್ಟಿದ್ದಾರಲ್ಲ, ಹಾಗಾದರೆ ಉಳಿದದ್ದು 12,000 ತಾನೇ? ಇಲ್ಲ. ಸೆಕ್ಷನ್ 140ಎ ಪ್ರಕಾರ, ಕಟ್ಟಿದ ದುಡ್ಡು ಒಟ್ಟು ಬಾಕಿಗೆ ಸಾಲದಿದ್ದರೆ ಅದು ಮೊದಲು ಶುಲ್ಕಕ್ಕೆ, ನಂತರ ಬಡ್ಡಿಗೆ, ಕೊನೆಗೆ ತೆರಿಗೆಗೆ ಹೋಗುತ್ತದೆ. ಸಾಲಕ್ಕೆ ಕಟ್ಟಿದ ಕಂತಿನಲ್ಲಿ ಬ್ಯಾಂಕು ಮೊದಲು ಬಡ್ಡಿ ಮುರಿದುಕೊಳ್ಳುವಂತೆಯೇ. ಅಂದಿನವರೆಗಿನ 234ಬಿ ಏಪ್ರಿಲಿನಿಂದ ಡಿಸೆಂಬರಿನವರೆಗೆ ಒಂಬತ್ತು ತಿಂಗಳು, 42,000ಕ್ಕೆ 3,780. ಶುಲ್ಕ 5,000, 234ಎ 2,100, 234ಸಿ 2,121 ಸೇರಿಸಿದರೆ 13,001. ಕಟ್ಟಿದ 30,000ದಲ್ಲಿ ಇಷ್ಟು ಮೊದಲೇ ಕರಗಿತು. ತೆರಿಗೆಗೆ ಸಂದದ್ದು 16,999 ಮಾತ್ರ, ಇನ್ನೂ 25,001 ರೂಪಾಯಿ ತೆರಿಗೆಯಾಗಿಯೇ ಉಳಿಯಿತು. ಅದನ್ನು 25,000ಕ್ಕೆ ಇಳಿಸಿ ಜನವರಿ, ಫೆಬ್ರವರಿ, ಮಾರ್ಚ್ ಮೂರು ತಿಂಗಳಿಗೆ 750. ಹೀಗೆ 234ಬಿ ಸಾಲಿನಲ್ಲಿ ಒಟ್ಟು 4,530.

ಈಗ ಬಲ ಕಾಲಮ್ಮನ್ನು ಕೂಡಿಸಿ ನೋಡಿ:

```
ತೆರಿಗೆ ಮತ್ತು ಸೆಸ್        78,000
234ಎ                     2,100
234ಬಿ  (3,780 + 750)     4,530
234ಸಿ                    2,121
234ಎಫ್                   5,000
ಒಟ್ಟು                   91,751
ಕಳೆ: ಟಿಡಿಎಸ್            36,000
ಕಳೆ: ಕಟ್ಟಿದ ಚಲನ್         30,000
ಬಾಕಿ                    25,751  →  25,750
```

ಕೊನೆಯ ಅಂಕಿಯನ್ನು ಸೆಕ್ಷನ್ 288ಬಿ ಪ್ರಕಾರ ಹತ್ತಿರದ ಹತ್ತಕ್ಕೆ ಹೊಂದಿಸುತ್ತಾರೆ.

ಟಿಡಿಎಸ್ ಸರಿಯಾಗಿ 48,000 ಸಿಕ್ಕಿದ್ದರೆ ಏನಾಗುತ್ತಿತ್ತು? ಕೊರತೆ 30,000. 234ಎ 1,500, 234ಸಿ 1,515, ಒಂಬತ್ತು ತಿಂಗಳ 234ಬಿ 2,700, ಶುಲ್ಕ 5,000. ಒಟ್ಟು 10,715, ಹತ್ತಕ್ಕೆ ಹೊಂದಿಸಿದರೆ ಎಡ ಕಾಲಮ್ಮಿನಲ್ಲಿ ಆಗಲೇ ಇದ್ದ 10,720ರ ಬಾಕಿ. ಕಟ್ಟಿದ 30,000ದಿಂದ ಇದು ಮುರಿದು ಅಷ್ಟೇ ಮೊತ್ತದ ತೆರಿಗೆ ಉಳಿಯುತ್ತದೆ, ಅದರ ಮೇಲೆ ಮೂರು ತಿಂಗಳಿಗೆ 321. ಬಾಕಿ 11,036, ಹತ್ತಕ್ಕೆ ಹೊಂದಿಸಿ 11,040. ಎಂದರೆ 12,000 ರೂಪಾಯಿಯ ಟಿಡಿಎಸ್ ತಪ್ಪು ನೋಟಿಸಿಗೆ 14,710 ರೂಪಾಯಿ ಸೇರಿಸಿದೆ. ಉಳಿದ 11,040 ಇವರದೇ ತಡ, ಅದಕ್ಕೆ ಯಾವ ತಕರಾರೂ ನಡೆಯುವುದಿಲ್ಲ. ಮಾತಾಡಲು ಜಾಗ ಇರುವುದು ಎಲ್ಲಿ, ಇಲ್ಲದ್ದು ಎಲ್ಲಿ ಎಂದು ಹೀಗೆ ಗೆರೆ ಎಳೆದುಕೊಂಡೇ ಮುಂದಿನ ಹೆಜ್ಜೆ ಇಡಬೇಕು.

ಮೊದಲು ಇ-ಫೈಲಿಂಗ್ ಪೋರ್ಟಲಿನಿಂದ, ನಿಮ್ಮ ಪ್ಯಾನಿಗೆ ಜಮೆಯಾದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್ ಇಳಿಸಿಕೊಂಡು ಬಾಡಿಗೆದಾರ ಕಂಪೆನಿಯ ಹೆಸರಿನ ಕೆಳಗೆ ನಾಲ್ಕೂ ತ್ರೈಮಾಸಿಕ ಇವೆಯೇ ನೋಡಿ. ಕೊನೆಯದು ಇಲ್ಲದಿದ್ದರೆ ಸಾಮಾನ್ಯ ಕಾರಣ ಎರಡು: ಕಂಪೆನಿ ಜನವರಿ–ಮಾರ್ಚ್ ಅವಧಿಯ ಟಿಡಿಎಸ್ ರಿಟರ್ನ್, ಅಂದರೆ 26ಕ್ಯೂ, ಹಾಕಿಲ್ಲ, ಅಥವಾ ಹಾಕಿದ್ದರಲ್ಲಿ ನಿಮ್ಮ ಪ್ಯಾನಿನ ಒಂದು ಅಕ್ಷರ ತಪ್ಪಿದೆ. ಎರಡನ್ನೂ ಸರಿಪಡಿಸಬೇಕಾದವರು ಕಂಪೆನಿಯವರೇ. ಅವರಿಗೆ ಫೋನ್ ಮಾಡಿ ಬಿಡಬೇಡಿ, ಯಾವ ತ್ರೈಮಾಸಿಕ, ಎಷ್ಟು ಮೊತ್ತ ಎಂದು ಇಮೇಲ್ ಬರೆಯಿರಿ. 26ಎಎಸ್‌ನಲ್ಲಿ 48,000 ಕಾಣಿಸಿದ ಮೇಲೆ ಪೋರ್ಟಲಿನ Services ಕೆಳಗಿನ Rectification ಗೆ ಹೋಗಿ Reprocess the return ಆರಿಸಿ. ರಿಟರ್ನಿನಲ್ಲಿ ನೀವು 48,000 ಎಂದೇ ಬರೆದಿದ್ದೀರಿ, ಆದ್ದರಿಂದ ಅಂಕಿ ತಿದ್ದುವ ಆಯ್ಕೆ ಬೇಡ. 26ಎಎಸ್ ಸರಿಯಾಗುವ ಮೊದಲೇ ಅರ್ಜಿ ಹಾಕಿದರೆ ಅದೇ 25,750 ಮತ್ತೆ ಬರುತ್ತದೆ. ಅವಸರದಲ್ಲಿ ಆಗುವ ತಪ್ಪು ಹೆಚ್ಚಾಗಿ ಇದು.

ಕಂಪೆನಿ ಬಾಡಿಗೆಯಿಂದ ದುಡ್ಡು ಹಿಡಿದು ಸರಕಾರಕ್ಕೆ ಕಟ್ಟಿಯೇ ಇಲ್ಲವೆಂದರೆ ದಾರಿ ಬೇರೆ. ಮೂಲದಲ್ಲಿ ಹಿಡಿದ ತೆರಿಗೆಯನ್ನು ಮತ್ತೆ ನಿಮ್ಮಿಂದ ನೇರವಾಗಿ ವಸೂಲು ಮಾಡುವಂತಿಲ್ಲ ಎನ್ನುತ್ತದೆ ಸೆಕ್ಷನ್ 205. ಅದಕ್ಕೆ ಪುರಾವೆ ಬೇಕು: ಬಾಡಿಗೆ 40,000 ಇದ್ದಾಗ ಖಾತೆಗೆ 36,000 ಬಂದ ಬ್ಯಾಂಕ್ ಪಾಸ್‌ಪುಸ್ತಕ, ಬಾಡಿಗೆ ಕರಾರು. ಇದು ಕಂಪ್ಯೂಟರಿಗೆ ಅರ್ಥವಾಗುವ ವಿಷಯವಲ್ಲ, ನಿಮ್ಮ ವಾರ್ಡಿನ ಅಸೆಸಿಂಗ್ ಅಧಿಕಾರಿಗೆ ಬರೆದು ಕೊಡಬೇಕು.

ಇಷ್ಟೆಲ್ಲ ಆಗುವವರೆಗೆ ಕೈಕಟ್ಟಿ ಕೂರುವಂತಿಲ್ಲ. ನೋಟಿಸು ಕೈಸೇರಿದ 30 ದಿನ ಕಳೆದರೆ ಸೆಕ್ಷನ್ 220(2)ರ ಬಡ್ಡಿ ಆರಂಭ, ಅದೂ ತಿಂಗಳಿಗೆ ಶೇ. 1. 25,750ಕ್ಕೆ ತಿಂಗಳಿಗೆ 257 ರೂಪಾಯಿ. ಇದು ಇಂಟಿಮೇಶನ್ನಿನಲ್ಲಿ ಇರುವುದಿಲ್ಲ, ಪೋರ್ಟಲಿನ ಬಾಕಿ ಪಟ್ಟಿಯಲ್ಲಿ ಬೇರೆಯಾಗಿ ಬೆಳೆಯುತ್ತದೆ. ನೋಟಿಸಿನ ಮೊತ್ತಕ್ಕೂ ಪೋರ್ಟಲಿನ ಮೊತ್ತಕ್ಕೂ ತಾಳೆಯಾಗದಿದ್ದರೆ ಮೊದಲು ಸಂಶಯಿಸಬೇಕಾದದ್ದು ಇದನ್ನೇ. ತಿದ್ದುಪಡಿಯಿಂದ ಬಾಕಿ ಇಳಿದರೆ ಈ ಬಡ್ಡಿಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಆದರೆ ಒಪ್ಪಿಕೊಳ್ಳಲೇಬೇಕಾದ 11,040ರ ಮೇಲಿನದ್ದು ಉಳಿಯುತ್ತದೆ. ಆದ್ದರಿಂದ 30 ದಿನದೊಳಗೆ ಆ 11,040ನ್ನು ಕಟ್ಟಿಬಿಡಿ, Pending Actions ಕೆಳಗಿನ Response to Outstanding Demand ನಲ್ಲಿ ಉಳಿದ 14,710ಕ್ಕೆ ಮಾತ್ರ ಒಪ್ಪುವುದಿಲ್ಲವೆಂದು ಕಾರಣ ಸಹಿತ ದಾಖಲಿಸಿ. ಏನೂ ಬರೆಯದೆ ಬಿಟ್ಟರೆ ಮುಂದಿನ ವರ್ಷ ಬರಬೇಕಾದ ರಿಫಂಡಿನಿಂದ ಸೆಕ್ಷನ್ 245ರ ಪ್ರಕಾರ ಪೂರ್ತಿ ಮೊತ್ತ ಮುರಿದುಕೊಳ್ಳುವ ಸಾಧ್ಯತೆ ಇದೆ.

ಕಟ್ಟುವಾಗ ಚಲನ್ನಿನ ಮೈನರ್ ಹೆಡ್ 400 ಇರಬೇಕು, ನೋಟಿಸಿನಲ್ಲಿರುವ ಡಿಮ್ಯಾಂಡ್ ರೆಫರೆನ್ಸ್ ಸಂಖ್ಯೆಯನ್ನು ಆರಿಸಬೇಕು. ರಿಟರ್ನ್ ಹಾಕುವಾಗ ಬಳಸುವ 300ರಲ್ಲಿ ಕಟ್ಟಿದರೆ ದುಡ್ಡು ಸರಕಾರಕ್ಕೆ ಸೇರುತ್ತದೆ, ಬಾಕಿ ಮಾತ್ರ ಪೋರ್ಟಲಿನಲ್ಲಿ ಹಾಗೆಯೇ ನಿಂತಿರುತ್ತದೆ. ಅಸೆಸ್‌ಮೆಂಟ್ ವರ್ಷದ ಜಾಗದಲ್ಲಿ 2023-24 ಎಂದು ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ಅದು ದುಡಿದ ವರ್ಷ, ಅಸೆಸ್‌ಮೆಂಟ್ ವರ್ಷ 2024-25.

ಇನ್ನುಳಿದದ್ದು ದಂಡ. ಮೇಲಿನ ಕೂಡಿಕೆಯಲ್ಲಿ ದಂಡದ ಸಾಲೇ ಇಲ್ಲದ್ದನ್ನು ಗಮನಿಸಿರಬಹುದು. 143(1)ರ ಇಂಟಿಮೇಶನ್ನಿನಲ್ಲಿ ದಂಡ ಹಾಕುವುದಿಲ್ಲ. ಅಧಿಕಾರಿ ಕಡತ ಪರಿಶೀಲಿಸಿ, ನೀವು ತೋರಿಸದ ಆದಾಯ ಸೇರಿಸಿ ಆದೇಶ ಮಾಡಿದಾಗಲಷ್ಟೇ ಸೆಕ್ಷನ್ 270ಎ ಬರುತ್ತದೆ. ಅದಕ್ಕೂ ಮೊದಲು 274ರ ಪ್ರಕಾರ ‘ದಂಡ ಯಾಕೆ ಹಾಕಬಾರದು’ ಎಂದು ಕೇಳುವ ನೋಟಿಸು, ಆಮೇಲೆ ಪ್ರತ್ಯೇಕ ಆದೇಶ, ಅದಕ್ಕೆ ಪ್ರತ್ಯೇಕ ಡಿಮ್ಯಾಂಡ್. ಬಿಟ್ಟುಹೋದ ಆದಾಯದ ಮೇಲಿನ ತೆರಿಗೆ 35,000 ಎಂದಾದರೆ ಆದಾಯ ಕಡಿಮೆ ತೋರಿಸಿದ್ದಕ್ಕೆ ಅದರ ಶೇ. 50, ಅಂದರೆ 17,500. ಸುಳ್ಳು ಬಿಲ್ಲು, ಮುಚ್ಚಿಟ್ಟ ಜಮೆ ಮುಂತಾದವಕ್ಕೆ ಶೇ. 200, ಅಂದರೆ 70,000. ಒಂದೇ ಆದಾಯ, ನಾಲ್ಕು ಪಟ್ಟು ವ್ಯತ್ಯಾಸ. ಹಾಗಾಗಿ ಈ ಆದೇಶದಲ್ಲಿ ಅಂಕಿಗಿಂತ ಮೊದಲು ಯಾವ ಪದ ಬಳಸಿದ್ದಾರೆ, ಯಾವ ಉಪಸೆಕ್ಷನ್ ಹೇಳಿದ್ದಾರೆ ಎಂದು ಓದಬೇಕು. ಮೊದಲ ಬಗೆಯದಾದರೆ ತೆರಿಗೆ ಮತ್ತು ಬಡ್ಡಿಯನ್ನು ನೋಟಿಸಿನ ಅವಧಿಯೊಳಗೆ ಕಟ್ಟಿ, ಅಪೀಲು ಹೋಗದೆ, ಆದೇಶ ಸಿಕ್ಕಿದ ತಿಂಗಳು ಮುಗಿದು ಒಂದು ತಿಂಗಳೊಳಗೆ ಫಾರ್ಮ್ 68 ಹಾಕಿದರೆ ಸೆಕ್ಷನ್ 270ಎಎ ಪ್ರಕಾರ ದಂಡದಿಂದ ವಿನಾಯಿತಿ ಕೇಳಬಹುದು. ಎರಡನೆಯದಕ್ಕೆ ಇದೇ ಷರತ್ತಿನಲ್ಲಿ ಈ ಬಾಗಿಲು ತೆರೆಯುವುದಿಲ್ಲ.

ಅಂಥ ಆದೇಶ ಬಂದಾಗ ಬಡ್ಡಿಯ ಸಾಲುಗಳೂ ಬದಲಾಗುತ್ತವೆ. 234ಎ ಮತ್ತು 234ಬಿ ಹೆಚ್ಚಿದ ತೆರಿಗೆಯ ಮೇಲೆ ಹೊಸದಾಗಿ ಬರುತ್ತವೆ, 234ಬಿಯ ತಿಂಗಳುಗಳು ಆದೇಶದ ದಿನದವರೆಗೆ ಉದ್ದವಾಗುತ್ತವೆ. ಆದರೆ 234ಸಿ ಲೆಕ್ಕವಾಗುವುದು ನೀವು ರಿಟರ್ನಿನಲ್ಲಿ ತೋರಿಸಿದ ಆದಾಯದ ಮೇಲೆ. ಅಧಿಕಾರಿ ಆದಾಯ ಸೇರಿಸಿದ ಕಾರಣಕ್ಕೆ ಅದು ಏರುವಂತಿಲ್ಲ. ಏರಿದ್ದರೆ ಸೆಕ್ಷನ್ 154ರ ತಿದ್ದುಪಡಿ ಅರ್ಜಿಗೆ ಅದೊಂದೇ ಸಾಲು ಸಾಕು.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ನುಗಳ ಸಂಖ್ಯೆ ಬದಲಾಗಿದೆ. ಅದಕ್ಕೆ ಹಿಂದಿನ ವರ್ಷಗಳ ಬಾಕಿಗೆ ಹಳೆಯ ಕಾಯ್ದೆಯೇ ಅನ್ವಯ, ಆದ್ದರಿಂದ ಆ ವರ್ಷಗಳ ನೋಟಿಸುಗಳಲ್ಲಿ ಈ 234ರ ಸಾಲುಗಳನ್ನೇ ಹುಡುಕಿ.